ನಾಲ್ಕು ಬದಿ ಗೊತ್ತು, ಎತ್ತರ ಗೊತ್ತಿಲ್ಲ: ತ್ರಾಪಿಜ್ಯದ ಅಂಗಳಕ್ಕೆ ಟೈಲ್ಸ್ ಲೆಕ್ಕ

ಕೆಲಸ ಇಷ್ಟು. ಮನೆಯ ಮುಂದಿನ ಅಂಗಳಕ್ಕೆ 300 × 300 ಮಿ.ಮೀ. ಪಾರ್ಕಿಂಗ್ ಟೈಲ್ಸ್ ಹಾಸಬೇಕು. ಅಂಗಳ ಆಯತವಲ್ಲ. ರಸ್ತೆ ಕಡೆಯ ಕಾಂಪೌಂಡು ಉದ್ದ, ಮನೆಯ ಜಗಲಿಯ ಅಂಚು ಗಿಡ್ಡ, ಇವೆರಡೂ ಸಮಾಂತರ. ಎಡಗೋಡೆ ಹೆಚ್ಚುಕಡಿಮೆ ನೆಟ್ಟಗಿದೆ, ಬಲಗೋಡೆ ಓರೆಯಾಗಿ ಒಳಕ್ಕೆ ಬಂದಿದೆ. ನಡುವೆ ಎಂ-ಸ್ಯಾಂಡ್ ಮತ್ತು ಜಲ್ಲಿಯ ರಾಶಿ, ಎಡಗೋಡೆಗೆ ಒರಗಿಸಿದ ಸೆಂಟ್ರಿಂಗ್ ಹಲಗೆಗಳು. ಹಾಗಾಗಿ ಜಗಲಿಯಿಂದ ಕಾಂಪೌಂಡಿಗಿರುವ ಲಂಬ ದೂರವನ್ನು, ಅಂದರೆ ತ್ರಾಪಿಜ್ಯದ ಎತ್ತರವನ್ನು, ನೇರವಾಗಿ ಟೇಪು ಎಳೆದು ಅಳೆಯಲು ಜಾಗವಿಲ್ಲ. ಗೋಡೆಗಳ ಮೇಲಂಚಿನ ಒಳಬದಿಯಲ್ಲಿ ಟೇಪು ಹಿಡಿದು ನಾಲ್ಕು ಬದಿಗಳನ್ನು ಮಾತ್ರ ಅಳೆಯಬಹುದು.

ಸಿಕ್ಕ ಅಳತೆಗಳು: ಕಾಂಪೌಂಡು 11.40 ಮೀಟರ್, ಜಗಲಿಯ ಅಂಚು 7.80, ಎಡಗೋಡೆ 6.10, ಬಲಗೋಡೆ 6.90. ಮೂಲೆಗಳಿಗೆ ಹೆಸರಿಟ್ಟುಕೊಂಡರೆ ಮುಂದೆ ಗೊಂದಲವಿಲ್ಲ. ಮುಂದಿನ ಎಡಮೂಲೆ ಗೇಟಿನದು, ಮುಂದಿನ ಬಲಮೂಲೆ ಕಂಬದ್ದು. ಜಗಲಿಯ ಎಡತುದಿ ನಲ್ಲಿಯ ಮೂಲೆ, ಬಲತುದಿ ಮೆಟ್ಟಿಲ ಮೂಲೆ.

ಅಳೆಯುವಾಗ ಎರಡು ಎಚ್ಚರ. ಕಾಂಪೌಂಡಿನ ಹೊರಮೈ ಅಳೆದರೆ ಗೋಡೆಯ ದಪ್ಪವೂ ಲೆಕ್ಕಕ್ಕೆ ಸೇರಿಹೋಗುತ್ತದೆ, ಆದ್ದರಿಂದ ಎಲ್ಲ ಕಡೆ ಒಳಮೈಯನ್ನೇ ಹಿಡಿಯಬೇಕು. ಇನ್ನೊಂದು, ಅಡಿ ಮತ್ತು ಅಂಗುಲದ ಕಾಟ. 22 ಅಡಿ 8 ಅಂಗುಲವನ್ನು ಚೀಟಿಯಲ್ಲಿ 22.8 ಎಂದು ಬರೆದು ಹಾಗೇ ಕ್ಯಾಲ್ಕುಲೇಟರಿಗೆ ಒತ್ತುವುದು ದಿನನಿತ್ಯ ಕಾಣುವ ತಪ್ಪು. ಅದು 22.67 ಆಗಬೇಕು. 22 ಅಡಿ 11 ಅಂಗುಲ 22.11 ಆಗಿಬಿಟ್ಟರಂತೂ ಮುಕ್ಕಾಲು ಅಡಿಗಿಂತ ಹೆಚ್ಚು ಮಾಯ. ಮೀಟರಿನಲ್ಲಿ ಅಳೆದು, ಅಂಗಡಿಗೆ ಹೇಳುವಾಗ ಮಾತ್ರ ಚದರಡಿಗೆ ತಿರುಗಿಸುವುದು ಕ್ಷೇಮ.

ಸರಾಸರಿ ಗುಣಾಕಾರ ಯಾಕೆ ಬೇಡ

ಇಂಥ ಜಾಗಕ್ಕೆ ಎಲ್ಲರ ನಾಲಿಗೆಯ ಮೇಲಿರುವ ಲೆಕ್ಕ ಒಂದೇ: ಎದುರುಬದುರು ಬದಿಗಳ ಸರಾಸರಿ ತೆಗೆದು ಗುಣಿಸು. ಓರೆಕೋರೆ ಸೈಟುಗಳ ಕಾಗದಪತ್ರದಲ್ಲೂ ಪೂರ್ವ-ಪಶ್ಚಿಮ ಇಷ್ಟು ಕೂಡಿಸು ಇಷ್ಟು ಭಾಗಿಸು ಎರಡು ಎಂದೇ ಬರೆದಿರುವುದುಂಟು. ಇಲ್ಲಿ ಆ ಲೆಕ್ಕ 9.60 × 6.50, ಅಂದರೆ 62.40 ಚದರ ಮೀಟರ್.

ಇದು ಹೊಸ ಲೆಕ್ಕವೇನಲ್ಲ. 628ರಲ್ಲೇ ಬ್ರಹ್ಮಗುಪ್ತ ಇದನ್ನು ಹೇಳಿ, ಇದು ಸ್ಥೂಲಫಲ ಎಂದೂ ಸೇರಿಸಿದ್ದಾನೆ. ನಾವು ಲೆಕ್ಕ ಉಳಿಸಿಕೊಂಡು ಆ ವಿಶೇಷಣವನ್ನು ಕೈಬಿಟ್ಟಿದ್ದೇವೆ. ಓರೆಗೋಡೆಯ ಉದ್ದ ಎತ್ತರವಲ್ಲ, ಅದು ಯಾವಾಗಲೂ ಎತ್ತರಕ್ಕಿಂತ ಹೆಚ್ಚು. ಆದ್ದರಿಂದ ಈ ಉತ್ತರ ನಿಜಕ್ಕಿಂತ ಹೆಚ್ಚೇ ಬರುತ್ತದೆ, ಕಡಿಮೆ ಬರುವುದೇ ಇಲ್ಲ. ಬದಿಗಳು ಎಷ್ಟು ಓರೆಯೋ ಅಷ್ಟು ಹೆಚ್ಚು.

ಅದೇ ಬ್ರಹ್ಮಗುಪ್ತನ ಇನ್ನೊಂದು ಸೂತ್ರವೂ ಇಲ್ಲಿ ಕೈಕೊಡುತ್ತದೆ. ನಾಲ್ಕು ಬದಿಗಳ ಅರ್ಧಮೊತ್ತದಿಂದ ಒಂದೊಂದು ಬದಿಯನ್ನೂ ಕಳೆದು, ಬಂದ ನಾಲ್ಕನ್ನೂ ಗುಣಿಸಿ ವರ್ಗಮೂಲ ತೆಗೆಯುವ ಸೂತ್ರ ಅದು. ಅದಕ್ಕೆ ಹಾಕಿದರೆ 59.91 ಬರುತ್ತದೆ. ನೋಡಲು ತೀರಾ ನಂಬಿಕಸ್ಥ ಅಂಕಿ, ಆದರೂ ತಪ್ಪು. ನಾಲ್ಕು ಮೂಲೆಗಳೂ ಒಂದೇ ವೃತ್ತದ ಮೇಲೆ ಕೂರುವ ಚತುರ್ಭುಜಕ್ಕೆ ಮಾತ್ರ ಆ ಸೂತ್ರ ಸರಿ. ತ್ರಾಪಿಜ್ಯದಲ್ಲಿ ಹಾಗಾಗಬೇಕಾದರೆ ಎರಡು ಓರೆಬದಿಗಳೂ ಸಮ ಇರಬೇಕು. ಇಲ್ಲಿ 6.10 ಮತ್ತು 6.90.

ಎತ್ತರ ತೆಗೆಯುವುದು

ಉಪಾಯ ಸರಳ. ಬಲಗೋಡೆಯನ್ನು ಎತ್ತಿ, ದಿಕ್ಕು ಬದಲಿಸದೆ, ಎಡಕ್ಕೆ ಸರಿಸುತ್ತಾ ಹೋಗಿ ಎಂದುಕೊಳ್ಳಿ. ಅದರ ಮೇಲ್ತುದಿ ಮೆಟ್ಟಿಲ ಮೂಲೆಯಿಂದ ಹೊರಟು 7.80 ಮೀಟರ್ ಸರಿದು ನಲ್ಲಿಯ ಮೂಲೆಗೆ ಬಂದು ನಿಲ್ಲುತ್ತದೆ. ಕೆಳತುದಿಯೂ ಅಷ್ಟೇ ಸರಿದು, ಗೇಟಿನ ಮೂಲೆಯಿಂದ 11.40 − 7.80 = 3.60 ಮೀಟರ್ ದೂರದಲ್ಲಿ ಕಾಂಪೌಂಡನ್ನು ಮುಟ್ಟುತ್ತದೆ. ಈಗ ಎಡಬದಿಯಲ್ಲಿ ಒಂದು ತ್ರಿಕೋನ ಉಳಿಯಿತು. ಅದರ ಬದಿಗಳು 3.60, 6.10, 6.90. ಅದರ ಎತ್ತರವೇ ಅಂಗಳದ ಎತ್ತರ. ತ್ರಿಕೋನದ ಮೂರು ಬದಿ ಗೊತ್ತಿದ್ದರೆ ಮತ್ತೇನೂ ಬೇಡ, ಹೆರಾನನ ಸೂತ್ರ ಸಾಕು.

ಮೂರು ಬದಿಗಳ ಅರ್ಧಮೊತ್ತ 8.30. ಅದರಿಂದ ಒಂದೊಂದೇ ಬದಿ ಕಳೆದರೆ 4.70, 2.20, 1.40. ನಾಲ್ಕನ್ನೂ ಗುಣಿಸಿದರೆ 120.15, ವರ್ಗಮೂಲ 10.961. ಇದು ತ್ರಿಕೋನದ ವಿಸ್ತೀರ್ಣ. ಇದನ್ನು ಎರಡರಿಂದ ಗುಣಿಸಿ, ಪಾದವಾದ 3.60ರಿಂದ ಭಾಗಿಸಿದರೆ 6.09 ಮೀಟರ್. ಕಾಣದಿದ್ದ ಎತ್ತರ ಇದೇ. ಇನ್ನು ಅಂಗಳದ ವಿಸ್ತೀರ್ಣ 9.60 × 6.09, ಸುಮಾರು 58.46 ಚದರ ಮೀಟರ್, ಅಂದರೆ 629 ಚದರಡಿ. ಸರಾಸರಿ ಗುಣಾಕಾರ ಹೇಳಿದ್ದು 672 ಚದರಡಿ. 42 ಚದರಡಿಗೂ ಮೇಲಿನ ವ್ಯತ್ಯಾಸ.

ಸ್ಪ್ರೆಡ್‌ಶೀಟಿಗೋ ಫೋನಿನ ಕ್ಯಾಲ್ಕುಲೇಟರಿಗೋ ಹಾಕುವವರಿಗೆ ಅದೇ ಲೆಕ್ಕ ಇಲ್ಲಿದೆ. `a` ಉದ್ದದ ಸಮಾಂತರ ಬದಿ, `b` ಗಿಡ್ಡದ್ದು, `c` ಎಡ, `d` ಬಲ.

```
k = a - b
s = (k + c + d) / 2
T = sqrt(s*(s-k)*(s-c)*(s-d))
h = 2*T / k
A = (a + b) / 2 * h
x = (c*c + k*k - d*d) / (2*k)
```

ಕೊನೆಯ ಸಾಲಿನ `x` ವಿಸ್ತೀರ್ಣಕ್ಕೆ ಬೇಕಿಲ್ಲ, ನೆಲದ ಮೇಲೆ ಗುರುತು ಹಾಕಲು ಬೇಕು. ನಲ್ಲಿಯ ಮೂಲೆಯಿಂದ ಕಾಂಪೌಂಡಿಗೆ ಲಂಬ ಇಳಿಸಿದರೆ ಅದು ಗೇಟಿನ ಮೂಲೆಯಿಂದ ಎಷ್ಟು ದೂರದಲ್ಲಿ ಬೀಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಇಲ್ಲಿ 0.356 ಮೀಟರ್. ಕೆಲವೊಮ್ಮೆ `x` ಋಣ ಸಂಖ್ಯೆ ಬರುತ್ತದೆ. ಉದಾಹರಣೆಗೆ ಬದಿಗಳ ವ್ಯತ್ಯಾಸ 2, ಎಡ 6.5, ಬಲ 7.5 ಇದ್ದರೆ `x` −2.5, ಎತ್ತರ ಸರಿಯಾಗಿ 6. ಗಾಬರಿ ಬೇಡ, ಎಡಗೋಡೆ ಹೊರಕ್ಕೆ ವಾಲಿದೆ ಎಂದಷ್ಟೇ ಅರ್ಥ. ಮೈನಸ್ ಚಿಹ್ನೆ ಅಳಿಸಿ ಗುರುತು ಹಾಕಿದರೆ ಲಂಬ ಗೋಡೆಯ ತಪ್ಪು ಮಗ್ಗುಲಿಗೆ ಹೋಗುತ್ತದೆ.

ಈ ಉಪಾಯ ಭಾಸ್ಕರಾಚಾರ್ಯನ ಲೀಲಾವತಿಯಲ್ಲೇ (1150) ಇದೆ. ಸಮಾನಲಂಬ ಚತುರ್ಭುಜದಲ್ಲಿ ಭೂಮಿಯಿಂದ ಮುಖವನ್ನು ಕಳೆದು, ಉಳಿದದ್ದನ್ನೇ ಭೂಮಿಯೆಂದು ಹಿಡಿದು, ಪಕ್ಕದ ಭುಜಗಳೊಂದಿಗೆ ತ್ರಿಕೋನದಂತೆ ಲಂಬ ಸಾಧಿಸು ಎನ್ನುತ್ತಾನೆ. ಭೂಮಿ ಅಂದರೆ ನಮ್ಮ ಕಾಂಪೌಂಡು, ಮುಖ ಅಂದರೆ ಜಗಲಿ. ಅದೇ ಪುಸ್ತಕದಲ್ಲಿ, ಲಂಬವನ್ನೋ ಕರ್ಣವನ್ನೋ ಹೇಳದೆ ಬರೀ ನಾಲ್ಕು ಬದಿ ಕೊಟ್ಟು ಚತುರ್ಭುಜದ ವಿಸ್ತೀರ್ಣ ಕೇಳುವವನನ್ನೂ ಅದಕ್ಕೆ ಉತ್ತರಿಸುವವನನ್ನೂ ಪಿಶಾಚಿ ಎಂದು ಬೈದಿದ್ದಾನೆ. ಬೈಗುಳದಲ್ಲಿ ತಿರುಳಿದೆ. ನಾಲ್ಕು ಹಲಗೆಗಳನ್ನು ತುದಿಗೆ ತುದಿ ಮೊಳೆ ಹೊಡೆದು ಜೋಡಿಸಿದರೆ ಚೌಕಟ್ಟು ಅಲುಗಾಡುತ್ತಲೇ ಇರುತ್ತದೆ. ಬದಿ ಬದಲಾಗುವುದಿಲ್ಲ, ಒಳಗಿನ ಜಾಗ ಬದಲಾಗುತ್ತದೆ. ನಮ್ಮ ಲೆಕ್ಕ ನಿಂತಿರುವುದು ಐದನೆಯ ಮಾಹಿತಿಯ ಮೇಲೆ, ಅಂದರೆ ಎರಡು ಬದಿ ಸಮಾಂತರ ಎಂಬುದರ ಮೇಲೆ. ಅದು ಕಣ್ಣಂದಾಜಿನಲ್ಲಿ ಬಂದದ್ದು. ಹಾಗಾಗಿ ಟೈಲ್ಸ್ ತರಿಸುವ ಮೊದಲು ಅದನ್ನೇ ಪರೀಕ್ಷಿಸಬೇಕು.

ಸಮಾಂತರವೇ? ಒಂದು ಟೇಪಿನ ಪರೀಕ್ಷೆ

ಕಾಗದದ ಮೇಲಿನ ಆ ತ್ರಿಕೋನ ಅಂಗಳದಲ್ಲೂ ಇದೆ. ಒರಗಿಸಿದ ಹಲಗೆಗಳನ್ನು ತೆಗೆಸಿದರೆ ಸಾಕು, ಮರಳಿನ ರಾಶಿ ಹಾಗೇ ಇರಲಿ. ಕಾಂಪೌಂಡಿನ ಬುಡದಲ್ಲಿ ಗೇಟಿನ ಮೂಲೆಯಿಂದ 3.60 ಮೀಟರಿಗೆ ಚಾಕ್‌ಪೀಸಿನಿಂದ ಗೆರೆ ಹಾಕಿ. ನಲ್ಲಿಯ ಮೂಲೆಯಿಂದ ಆ ಗೆರೆಗೆ ಟೇಪು ಎಳೆಯಿರಿ. 6.90 ಬಂದರೆ ಜಗಲಿ ಮತ್ತು ಕಾಂಪೌಂಡು ಸಮಾಂತರ. ಯಾಕೆಂದರೆ ಆಗ ಬಲಬದಿಯಲ್ಲಿ ಉಳಿಯುವ ಆಕೃತಿಯ ಎದುರುಬದುರು ಬದಿಗಳು 7.80ಕ್ಕೆ 7.80, 6.90ಕ್ಕೆ 6.90. ಅದು ಸಮಾಂತರ ಚತುರ್ಭುಜವೇ ಆಗಬೇಕು. ಒಂದೆರಡು ಸೆಂಟಿಮೀಟರ್ ಆಚೀಚೆ ಬಂದರೆ ಅದು ಟೇಪಿನ ದೋಷ. ಅದಕ್ಕಿಂತ ಹೆಚ್ಚು ಬಂದರೆ ಗೋಡೆಯ ದೋಷ.

ಜೊತೆಗೆ ಎತ್ತರವನ್ನೂ ಕೈಯಾರೆ ನೋಡಬಹುದು. ಟೇಪಿನ ತುದಿಯನ್ನು ನಲ್ಲಿಯ ಮೂಲೆಯಲ್ಲಿ ಒಬ್ಬರು ಒತ್ತಿ ಹಿಡಿಯಲಿ. ಇನ್ನೊಬ್ಬರು ಬಿಗಿಯಾಗಿ ಎಳೆದು ಕಾಂಪೌಂಡಿನ ಬುಡದುದ್ದಕ್ಕೂ ಎಡಕ್ಕೆ, ಬಲಕ್ಕೆ ಮೆಲ್ಲನೆ ತೂಗಲಿ. ಓದು ಇಳಿಯುತ್ತಾ ಬಂದು ಒಂದೆಡೆ ನಿಂತು ಮತ್ತೆ ಏರುತ್ತದೆ. ಅತಿ ಕಡಿಮೆ ಓದು ಎಷ್ಟೋ ಅದೇ ಎತ್ತರ. ಅದು 6.09 ಬರಬೇಕು, ಗೇಟಿನ ಮೂಲೆಯಿಂದ ಸುಮಾರು 36 ಸೆಂ.ಮೀ. ದೂರದಲ್ಲಿ ಬರಬೇಕು. ಆ ಜಾಗದಲ್ಲಿ ಟೇಪು ಸ್ವಲ್ಪ ಆಚೀಚೆಯಾದರೂ ಓದು ಬದಲಾಗದು, ಆದ್ದರಿಂದ ಎತ್ತರಕ್ಕೆ ಇದು ನಂಬಬಹುದಾದ ವಿಧಾನ. ಅದೇ ಕಾರಣಕ್ಕೆ `x` ಗುರುತಿಸಲು ಇದು ಕೆಲಸಕ್ಕೆ ಬಾರದು.

ಮರಳು ಎತ್ತಿದ ಮೇಲೆ ಕರ್ಣಗಳನ್ನೂ ಅಳೆಯಿರಿ. ಗೇಟಿನಿಂದ ಮೆಟ್ಟಿಲಿಗೆ 10.18, ಕಂಬದಿಂದ ನಲ್ಲಿಗೆ 12.61 ಬರಬೇಕು. ಮೊದಲನೆಯದು 10.30 ಬಂತು ಎಂದಿಟ್ಟುಕೊಳ್ಳಿ. ಆಗ ತ್ರಾಪಿಜ್ಯದ ಲೆಕ್ಕ ಬದಿಗಿಟ್ಟು, ಕರ್ಣದಿಂದ ಅಂಗಳವನ್ನು ಎರಡು ತ್ರಿಕೋನ ಮಾಡಿ ಎರಡಕ್ಕೂ ಹೆರಾನನ ಸೂತ್ರ ಹಾಕಬೇಕು: 35.04 ಮತ್ತು 23.71, ಒಟ್ಟು 58.74. ವಿಸ್ತೀರ್ಣ ಕಾಲು ಚದರ ಮೀಟರಿನಷ್ಟು ಮಾತ್ರ ಬದಲಾಯಿತು, ದುಡ್ಡಿನ ಲೆಕ್ಕಕ್ಕೆ ನಗಣ್ಯ. ಆದರೆ ಆ ಸ್ಥಿತಿಯಲ್ಲಿ ನಲ್ಲಿಯ ಮೂಲೆಗೂ ಮೆಟ್ಟಿಲ ಮೂಲೆಗೂ ಎತ್ತರದಲ್ಲಿ 6 ಸೆಂಟಿಮೀಟರಿಗೂ ಮೇಲೆ ವ್ಯತ್ಯಾಸ. ಜಗಲಿಯ ಬುಡದ ಕೊನೆಯ ಸಾಲು ಒಂದು ತುದಿಯಲ್ಲಿ ಸರಿಯಾಗಿ ಕೂತು ಇನ್ನೊಂದು ತುದಿಯಲ್ಲಿ ಬಾಯಿ ಬಿಡುತ್ತದೆ. ವಿಸ್ತೀರ್ಣ ಕ್ಷಮಿಸುವ ತಪ್ಪನ್ನು ಸಾಲು ಕ್ಷಮಿಸುವುದಿಲ್ಲ.

ಎತ್ತರದಿಂದ ಸಾಲು

ಎತ್ತರ ಬೇಕಾದದ್ದು ವಿಸ್ತೀರ್ಣಕ್ಕಿಂತ ಹೆಚ್ಚಾಗಿ ಇದಕ್ಕೆ. ಸಾಲುಗಳು ಕಾಂಪೌಂಡಿಗೆ ಸಮಾಂತರವಾಗಿ ಹೋಗುತ್ತವೆ, ಎಷ್ಟು ಸಾಲು ಎಂಬುದನ್ನು ಎತ್ತರ ನಿರ್ಧರಿಸುತ್ತದೆ. 3 ಮಿ.ಮೀ. ಸಂದು ಬಿಟ್ಟರೆ 20 ಸಾಲಿಗೆ 6057 ಮಿ.ಮೀ., ಕೊನೆಗೆ 33 ಮಿ.ಮೀ. ಉಳಿಯುತ್ತದೆ. ಅಷ್ಟಗಲದ ಪಟ್ಟಿ ಕತ್ತರಿಸಲು ಹೋದರೆ ಗ್ರೈಂಡರಿನಲ್ಲಿ ಅರ್ಧಕ್ಕರ್ಧ ಒಡೆದುಹೋಗುತ್ತದೆ, ಉಳಿದದ್ದೂ ಕಾರಿನ ಚಕ್ರ ಹತ್ತಿದರೆ ಎದ್ದುಬರುತ್ತದೆ. ಸಂದನ್ನು 4 ಮಿ.ಮೀ. ಮಾಡಿದರೆ 20 ಸಾಲಿಗೆ 6076. ಉಳಿದ 14ನ್ನು ಕಾಂಪೌಂಡಿನ ಬುಡಕ್ಕೂ ಜಗಲಿಯ ಬುಡಕ್ಕೂ 7ರಂತೆ ಹಂಚಿದರೆ ಪಟ್ಟಿಯೇ ಬೇಕಿಲ್ಲ. ಒಂದೇ ಮಿಲಿಮೀಟರಿನ ಸ್ಪೇಸರ್ ಬದಲಾವಣೆ, ಆದರೆ ಎತ್ತರ ಮೊದಲೇ ಗೊತ್ತಿದ್ದರಷ್ಟೇ ಸಾಧ್ಯ. ಸರಾಸರಿಯ 6.50 ಹಿಡಿದವರು 21 ಸಾಲು ಪೂರ್ತಿ, ಮೇಲೆ ಅರ್ಧ ಸಾಲು ಎಂದು ಯೋಜಿಸಿ ಜಗಲಿಗೆ ಡಿಕ್ಕಿ ಹೊಡೆಯುತ್ತಾರೆ. ಎಡಗೋಡೆಯ 6.10ನ್ನೇ ಎತ್ತರವೆಂದು ಹಿಡಿದಿದ್ದರೂ ಇಲ್ಲಿ ತಪ್ಪು ಒಂದೇ ಸೆಂಟಿಮೀಟರ್ ಆಗುತ್ತಿತ್ತು, ನಿಜ. ಅದು ಈ ಅಂಗಳದ ಅದೃಷ್ಟ. `x` ಲೆಕ್ಕ ಹಾಕುವವರೆಗೆ ಆ ಅದೃಷ್ಟವೂ ಗೊತ್ತಿರಲಿಲ್ಲ.

ಮೊದಲ ದಾರ ಕಾಂಪೌಂಡಿನಿಂದ 7 ಮಿ.ಮೀ. ಬಿಟ್ಟು ಕಟ್ಟಬೇಕು. ಅಡ್ಡದಾರ 0.356ರ ಗುರುತಿನಿಂದ ನಲ್ಲಿಯ ಮೂಲೆಗೆ. ಇವೆರಡರ ನಡುವೆ ಮೂಲೆಮಟ್ಟ ಕೂರಬೇಕು. ಸಣ್ಣ ಮೂಲೆಮಟ್ಟವನ್ನು ನಂಬುವುದಕ್ಕಿಂತ ದಾರದ ಮೇಲೆ 3, 4, 5 ಮೀಟರ್ ಅಳೆದು ನೋಡುವುದು ಮೇಲು. ಎಡಗೋಡೆಯನ್ನೇ ಅಡ್ಡದಾರ ಎಂದು ಹಿಡಿದರೆ ಅಲ್ಲಿಗೆ ಕೆಲಸ ಕೆಟ್ಟಿತು. ಕಣ್ಣಿಗೆ ನೆಟ್ಟಗೆ ಕಂಡರೂ ಆ ಗೋಡೆ 6 ಮೀಟರಿಗೆ 36 ಸೆಂ.ಮೀ. ವಾಲಿದೆ.

ಕತ್ತರಿಸುವ ಓರೆಯೂ ಇದೇ ಲೆಕ್ಕದಲ್ಲಿ ಸಿಗುತ್ತದೆ. ಒಟ್ಟು 3.60ರಲ್ಲಿ ಎಡಕ್ಕೆ 0.356 ಹೋದರೆ ಬಲಕ್ಕೆ 3.244. ಅಂದರೆ ಬಲಗೋಡೆ ಪ್ರತಿ 300 ಮಿ.ಮೀ.ಗೆ 160 ಮಿ.ಮೀ. ಒಳಕ್ಕೆ ಬರುತ್ತದೆ, ಎಡಗೋಡೆ 17.5 ಮಿ.ಮೀ. ಒಂದು ಪ್ಲೈವುಡ್ ತುಂಡಿನ ಮೇಲೆ 300 ಎತ್ತರ, 160 ಅಗಲ ಗುರುತಿಸಿ ಕರ್ಣದ ಗೆರೆಯುದ್ದಕ್ಕೂ ಕೊಯ್ದರೆ ಬಲಬದಿಯ ಅಷ್ಟೂ ಟೈಲ್ಸಿಗೆ ಅದೇ ಅಚ್ಚು. ಟೈಲ್ಸಿನ ಮೇಲೆ ಅಚ್ಚಿಟ್ಟು ಪೆನ್ಸಿಲ್ ಎಳೆದು, ಗ್ರೈಂಡರಿನಿಂದ ಮೊದಲು ತೆಳುವಾಗಿ ಗೀರಿ, ಆಮೇಲೆ ಆಳಕ್ಕೆ ಇಳಿಸಬೇಕು. ಅಚ್ಚು ಗೋಡೆಗೆ ಸರಿಯಾಗಿ ಕೂರುತ್ತಿಲ್ಲವಾದರೆ ಗೋಡೆ ಡೊಂಕು, ಅಥವಾ ಯಾವುದೋ ಬದಿಯ ಅಳತೆ ತಪ್ಪು. ಟೈಲ್ಸ್ ಕೊಯ್ಯುವ ಮೊದಲೇ ಅಚ್ಚನ್ನು ಗೋಡೆಗೆ ಹಿಡಿದು ನೋಡಿ.

ಎಷ್ಟು ಟೈಲ್ಸ್? ವಿಸ್ತೀರ್ಣವನ್ನು ಸಂದೂ ಸೇರಿದ 304 × 304 ಮಿ.ಮೀ. ಚೌಕದಿಂದ ಭಾಗಿಸಿದರೆ 633. ಆದರೆ ಪ್ರತಿ ಸಾಲಿನ ತುದಿಯಲ್ಲೂ ತುಂಡು ಬೀಳುತ್ತದೆ. ಗೇಟಿನ ಮೂಲೆಯಿಂದ ಚೌಕಗಳನ್ನು ಶುರು ಮಾಡಿ ಒಂದೊಂದೇ ಸಾಲು ಎಣಿಸಿದರೆ ಮೊದಲ ಸಾಲಿಗೆ 38, ಕೊನೆಯದಕ್ಕೆ 27, ಒಟ್ಟು 656. ಒಡೆಯುವುದಕ್ಕೆ ಇನ್ನೊಂದು 20 ಸೇರಿಸಿದರೆ 676.

ತಮಾಷೆಯೆಂದರೆ ಸರಾಸರಿ ಗುಣಾಕಾರದ 62.40ನ್ನು ಭಾಗಿಸಿದರೂ 675 ಬರುತ್ತದೆ. ಆ ಸ್ಥೂಲಲೆಕ್ಕ ಇಷ್ಟು ಕಾಲ ಸಿಕ್ಕಿಬೀಳದೆ ಉಳಿದಿರುವುದು ಹೀಗೇ, ಹೆಚ್ಚುವರಿಯೆಲ್ಲ ವೇಸ್ಟೇಜ್ ಎಂಬ ಹೆಸರಿನಲ್ಲಿ ಮುಚ್ಚಿಹೋಗುತ್ತದೆ. ಕೂಲಿಯ ಬಿಲ್ಲಿನಲ್ಲಿ ಅದು ಮುಚ್ಚುವುದಿಲ್ಲ. ಹಾಸುವ ಕೂಲಿ ಚದರಡಿಗೆ ಇಷ್ಟು ಎಂದು. 672ಕ್ಕೆ ಬಿಲ್ ಬರೆದರೆ ಇಲ್ಲದ 42 ಚದರಡಿಗೂ ದುಡ್ಡು ಕೊಟ್ಟಂತೆ. ಎತ್ತರ ಎಷ್ಟು ಹಿಡಿದಿರಿ ಎಂದು ಬಿಲ್ಲಿಗೆ ಮುಂಚೆ ಕೇಳಿಬಿಡುವುದು ಒಳ್ಳೆಯದು.

ಲೆಕ್ಕ ಕೈಕೊಡುವ ಕಡೆ

ಕ್ಯಾಲ್ಕುಲೇಟರು ವರ್ಗಮೂಲದ ಹತ್ತಿರ ಎರರ್ ತೋರಿಸಿದರೆ ಸಾಮಾನ್ಯವಾಗಿ ಸಮಾಂತರ ಜೋಡಿಯನ್ನು ತಪ್ಪಾಗಿ ಆರಿಸಿರುತ್ತೀರಿ. ಇಲ್ಲೇ 6.90 ಮತ್ತು 6.10 ಸಮಾಂತರ ಎಂದುಕೊಂಡರೆ ತ್ರಿಕೋನದ ಬದಿಗಳು 0.80, 11.40, 7.80. ಎರಡು ಸಣ್ಣ ಬದಿ ಕೂಡಿಸಿದರೂ ದೊಡ್ಡದನ್ನು ಮುಟ್ಟುವುದಿಲ್ಲ, ಅಂಥ ತ್ರಿಕೋನವೇ ಇಲ್ಲ. ಜೋಡಿ ಸರಿಯಿದ್ದೂ ಎರರ್ ಬಂದರೆ ಅಳತೆ ತಪ್ಪು.

ಎರರ್ ತೋರಿಸದೆ ತಪ್ಪು ಉತ್ತರ ಕೊಡುವ ಸಂದರ್ಭ ಇನ್ನೂ ಕೆಟ್ಟದ್ದು. ಸಮಾಂತರ ಬದಿಗಳೆರಡೂ ಹೆಚ್ಚುಕಡಿಮೆ ಸಮ ಇದ್ದು, ಪಕ್ಕದ ಗೋಡೆಗಳು ಒಂದೇ ಕಡೆಗೆ ವಾಲಿದ್ದರೆ ಹಾಗಾಗುತ್ತದೆ. 11.40, 11.10, ಎಡ 6.10, ಬಲ 6.25 ಎಂದು ತೆಗೆದುಕೊಳ್ಳಿ. ಎತ್ತರ 5.35 ಬರುತ್ತದೆ. ಬಲಗೋಡೆಯನ್ನು 6.24 ಎಂದು ಓದಿದ್ದರೆ 5.46. ಟೇಪಿನಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಎತ್ತರದಲ್ಲಿ ಹನ್ನೊಂದು. ತ್ರಿಕೋನದ ಪಾದ ಬರೀ 30 ಸೆಂಟಿಮೀಟರ್ ಆದ್ದರಿಂದ ಅದು ಸೂಜಿಯಂತೆ ತೆಳ್ಳಗಾಗಿ, ಬದಿ ಚೂರು ಬದಲಾದರೂ ಆ ಕಡೆ ಈ ಕಡೆ ವಾಲುತ್ತದೆ. ಪಾದ ಪೂರ್ತಿ ಸೊನ್ನೆಯಾದರೆ, ಅಂದರೆ ಎರಡೂ ಬದಿ ಒಂದೇ ಆದರೆ, ಭಾಗಾಕಾರವೇ ನಿಲ್ಲುತ್ತದೆ. ಅದು ಸಮಾಂತರ ಚತುರ್ಭುಜ, ಬದಿಗಳಿಂದ ಅದರ ಎತ್ತರ ಸಿಗುವುದಿಲ್ಲ.

ನಮ್ಮ ಅಂಗಳದಲ್ಲಿ ಪಾದ 3.60 ಇದ್ದದ್ದರಿಂದ ಈ ಭಯವಿಲ್ಲ. ಬಲಗೋಡೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ ಎತ್ತರದಲ್ಲಿ ಒಂದು ಮಿಲಿಮೀಟರ್ ಚಿಲ್ಲರೆ, ಎಡಗೋಡೆಯಲ್ಲಿ ತಪ್ಪಿದರೆ 9 ಮಿ.ಮೀ. ಹಾಗಾಗಿ ಎಡಗೋಡೆಯನ್ನು ಎರಡು ಸಲ ಅಳೆಯಬೇಕು, ಬಲಗೋಡೆಗೆ ಒಂದು ಸಲ ಸಾಕು. ಪಾದ ತೀರಾ ಚಿಕ್ಕದಿದ್ದ ಜಾಗದಲ್ಲಿ ಮಾತ್ರ ಈ ಲೆಕ್ಕವನ್ನೇ ಬಿಟ್ಟು, ಮರಳಿನ ರಾಶಿ ಎತ್ತಿಸಿ, ಕರ್ಣ ಅಳೆಯಿರಿ.